ಗುರುವಾರ ರಾತ್ರಿ ಹನ್ನೆರಡು ಅಂದರೆ ಯಾವ ರಾತ್ರಿ?

2025ರ ಫೆಬ್ರವರಿಯ ಒಂದು ಗುರುವಾರ. ರಾತ್ರಿ 11:50. ಮದ್ದೂರಿನ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ್ದರು. ನಾನು ಒಂದು ಲೋಟ ಕಾಫಿ ಮಾಡಿಕೊಂಡು, ಲ್ಯಾಪ್‌ಟಾಪ್ ತೆಗೆದು, ಹೆಡ್‌ಫೋನ್ ಹಾಕಿಕೊಂಡು ಮೀಟಿಂಗ್‌ಗೆ ಕಾಯುತ್ತಾ ಕೂತೆ. ಹನ್ನೆರಡಾಯಿತು, ಯಾರೂ ಇಲ್ಲ. ಹನ್ನೆರಡೂ ಕಾಲಾಯಿತು, ಆಗಲೂ ಯಾರೂ ಇಲ್ಲ. ಮೇಲ್ ನೋಡಿದರೆ ಅದೇ ಮೀಟಿಂಗ್‌ನ ಟಿಪ್ಪಣಿ ಬಂದು ಕೂತಿದೆ! ಮೀಟಿಂಗ್ ಮುಗಿದು ಇಪ್ಪತ್ನಾಲ್ಕು ಗಂಟೆಯಾಗಿತ್ತು.

ಕ್ಯಾಲಿಫೋರ್ನಿಯಾದಿಂದ ಬಂದಿದ್ದ ಮೇಲ್‌ನಲ್ಲಿ `Thursday 12:00 AM IST` ಅಂತ ಬರೆದಿತ್ತು. ನಾನು ಓದಿಕೊಂಡದ್ದು 'ಗುರುವಾರ ರಾತ್ರಿ ಹನ್ನೆರಡು'. ಆದರೆ ಗಡಿಯಾರದ ಲೆಕ್ಕದಲ್ಲಿ 12:00 ಎಎಂ ಅಂದರೆ ಗುರುವಾರ ಶುರುವಾಗುವ ಕ್ಷಣ. ಅಂದರೆ ನಾವು ಮನೆಯಲ್ಲಿ ಬುಧವಾರ ರಾತ್ರಿ ಅಂತ ಕರೆಯುವ ರಾತ್ರಿ. ಆ ರಾತ್ರಿ ನಾನು ಫೋನ್ ಸೈಲೆಂಟ್‌ಗೆ ಹಾಕಿ ಚೆನ್ನಾಗಿ ನಿದ್ದೆ ಮಾಡಿದ್ದೆ.

ಶುಕ್ರವಾರ ಬೆಳಗ್ಗೆ ಮಳವಳ್ಳಿಯಿಂದ ಫೋನ್ ಬಂತು. ನಮ್ಮ ತಂಡದಲ್ಲಿ ಈ ಕಡೆಯವರು ಮೂರು ಜನ. ಮದ್ದೂರಿನಲ್ಲಿ ನಾನು, ಮಳವಳ್ಳಿಯಲ್ಲಿ ಒಬ್ಬರು, ಮಂಡ್ಯದ ಪಕ್ಕದ ಹಳ್ಳಿಯಲ್ಲಿ ಒಬ್ಬ ಹುಡುಗ. ಮೂವರೂ ಮನೆಯಿಂದಲೇ ಕೆಲಸ. ಮಳವಳ್ಳಿಯ ಸಹೋದ್ಯೋಗಿಗೆ ಹತ್ತು ತಿಂಗಳ ಮಗು.

"ಮೊನ್ನೆ ರಾತ್ರಿ ಎಲ್ಲಿ ಹೋಗಿದ್ರಿ ನೀವು?" ಅಂದರು. ದನಿಯಲ್ಲಿ ಸಿಟ್ಟೂ ಇತ್ತು, ಸುಸ್ತೂ ಇತ್ತು. ಅವತ್ತು ಅವರ ಮಗುವಿಗೆ ಜ್ವರ. ಕರೆಂಟ್ ಇರಲಿಲ್ಲ. ಫೋನಿನ ಹಾಟ್‌ಸ್ಪಾಟ್‌ನಲ್ಲಿ, ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಒಬ್ಬರೇ ಮೀಟಿಂಗ್‌ನಲ್ಲಿ ಕೂತಿದ್ದಾರೆ. ಈ ವಾರವೇ ಹೊಸ ಬದಲಾವಣೆ ಬಿಡುಗಡೆ ಮಾಡಬಹುದಾ ಅಂತ ಆ ಕಡೆಯವರು ಕೇಳಿದ್ದಾರೆ. ಅದಕ್ಕೆ ಉತ್ತರ ಗೊತ್ತಿದ್ದದ್ದು ನನಗೆ. ಬೇಡ ಅನ್ನಲು ಕಾರಣ ಗೊತ್ತಿಲ್ಲದೆ ಅವರು ಸರಿ ಅಂದಿದ್ದಾರೆ. ಆ ವಾರದ ಶನಿವಾರ, ಭಾನುವಾರ ಅದನ್ನು ವಾಪಸ್ ತೆಗೆಯುವುದರಲ್ಲೇ ಹೋಯಿತು.

ಫೋನ್ ಇಡುವ ಮುಂಚೆ ಅವರು ಹೇಳಿದ್ದು ಇಷ್ಟು. "ಹಿಂಗೇ ಆದ್ರೆ ನಾನು ಪೇಪರ್ ಹಾಕ್ತೀನಿ. ನನ್ನ ಕೈಲಿ ಆಗ್ತಾ ಇಲ್ಲ."

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮನನ್ನು ಕೇಳಿದೆ. "ಗುರುವಾರ ರಾತ್ರಿ ಹನ್ನೆರಡು ಗಂಟೆ ಅಂದ್ರೆ ಯಾವ ರಾತ್ರಿ ಅಮ್ಮ?"

"ಗುರುವಾರದ ರಾತ್ರಿನೇ ಕಣ್ಲಾ. ಹೊತ್ತು ಹುಟ್ಟಿದ ಮ್ಯಾಲೆ ತಾನೆ ಶುಕ್ರವಾರ ಆಗೋದು?"

ತಪ್ಪು ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ನಮ್ಮ ಮನೆಗಳಲ್ಲಿ ರಾತ್ರಿ ಯಾವಾಗಲೂ ಕಳೆದ ಹಗಲಿಗೆ ಸೇರಿದ್ದು. ಕ್ಯಾಲೆಂಡರ್‌ನಲ್ಲಿ ಮಾತ್ರ ಅದು ಮಧ್ಯರಾತ್ರಿಯಲ್ಲಿ ಎರಡು ಹೋಳಾಗುತ್ತದೆ. ರೈಲು ಟಿಕೆಟ್‌ನಲ್ಲಿ 00:10 ಅಂತ ಇರುವುದನ್ನು ನೋಡಿ ಒಂದು ದಿನ ತಡವಾಗಿ ಸ್ಟೇಷನ್‌ಗೆ ಹೋಗಿ ನಿಲ್ಲುವವರೂ ಇದೇ ತಪ್ಪು ಮಾಡುವುದು. ನಾನು ಇಂಜಿನಿಯರಿಂಗ್ ಓದಿದ್ದರೂ ಆ ಮೇಲನ್ನು ಓದಿದ್ದು ಅಮ್ಮನ ಲೆಕ್ಕದಲ್ಲಿ.

ಹಾಗಾಗಿ ನಾವು ಮಾಡಿಕೊಂಡ ಮೊದಲ ನಿಯಮ, ಯಾರೂ 'ಹನ್ನೆರಡು ಗಂಟೆಗೆ' ಅಂತ ಮೀಟಿಂಗ್ ಇಡಬಾರದು. ಎರಡನೆಯದು, ಬರೀ ಮೇಲ್‌ನಲ್ಲಿ ಸಮಯ ಬರೆದು ಬಿಡಬಾರದು, ಕ್ಯಾಲೆಂಡರ್‌ನಲ್ಲಿ ಆಹ್ವಾನ ಕಳಿಸಬೇಕು. ಅದರ ಒಳಗೆ ಪ್ರತಿ ಊರಿನ ವಾರ, ತಾರೀಖು, 24 ಗಂಟೆಯ ಸಮಯ ಬೇರೆ ಬೇರೆ ಸಾಲಿನಲ್ಲಿ ಇರಬೇಕು.

ಕ್ಯಾಲಿಫೋರ್ನಿಯಾದ ಸಮಯವನ್ನು ಬಾಯಿಲೆಕ್ಕದಲ್ಲೇ ತಿಳಿಯಲು ಒಂದು ಸುಲಭ ದಾರಿಯಿದೆ. ಅಲ್ಲಿ ಬೇಸಿಗೆಯ ಗಡಿಯಾರ ಇರುವಾಗ ನಾವು ಅವರಿಗಿಂತ ಹನ್ನೆರಡೂವರೆ ಗಂಟೆ ಮುಂದೆ. ಬೆಳಗ್ಗೆ ಇದ್ದದ್ದನ್ನು ರಾತ್ರಿ ಮಾಡಿ, ರಾತ್ರಿ ಇದ್ದದ್ದನ್ನು ಬೆಳಗ್ಗೆ ಮಾಡಿ, ಅರ್ಧ ಗಂಟೆ ಸೇರಿಸಿದರೆ ಆಯಿತು. ಅವರ ಬೆಳಗ್ಗೆ 9 ನಮ್ಮ ರಾತ್ರಿ 9:30. ಅವರ ಸಂಜೆ 6 ನಮ್ಮ ಬೆಳಗ್ಗೆ 6:30. ಚಳಿಗಾಲದಲ್ಲಿ ಅರ್ಧದ ಬದಲು ಒಂದೂವರೆ ಗಂಟೆ ಸೇರಿಸಬೇಕು. ಇದರಲ್ಲೇ ತಪ್ಪು ಹಿಡಿಯುವ ಉಪಾಯವೂ ಇದೆ. ಅವರದು ಸರಿಯಾಗಿ ಇಷ್ಟು ಗಂಟೆ ಅಂತಿದ್ದರೆ ನಮ್ಮದು ಯಾವಾಗಲೂ ಅರ್ಧಕ್ಕೆ ಬರಬೇಕು. ಎರಡೂ ಕಡೆ 00 ಕಂಡರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ.

ತಾರೀಖು ಬದಲಾಗುವುದಕ್ಕೂ ಒಂದು ಗೆರೆ ಇದೆ. ಬೇಸಿಗೆಯಲ್ಲಿ ಅವರ ಬೆಳಗ್ಗೆ 11:30 ಆದಾಗ, ಚಳಿಗಾಲದಲ್ಲಿ 10:30 ಆದಾಗ, ನಮ್ಮಲ್ಲಿ ಮಧ್ಯರಾತ್ರಿ. ಅಲ್ಲಿಂದ ಮುಂದೆ ಅವರು ಯಾವ ಸಮಯ ಹೇಳಿದರೂ ನಮಗೆ ಮರುದಿನದ ತಾರೀಖು. ನಾನು ತಪ್ಪಿಸಿಕೊಂಡ ಮೀಟಿಂಗ್ ಅವರ ಬುಧವಾರ ಬೆಳಗ್ಗೆ 10:30ಕ್ಕೆ, ಸರಿಯಾಗಿ ಆ ಗೆರೆಯ ಮೇಲೇ ಕೂತಿತ್ತು.

ಇಷ್ಟು ಮಾಡಿದರೆ ತಪ್ಪು ದಿನ ಕಾಯುವುದು ತಪ್ಪುತ್ತದೆ. ಆದರೆ ಮಳವಳ್ಳಿಯವರ ಕಷ್ಟ ಅದಲ್ಲವಲ್ಲ. ನಮ್ಮ ಮಾಮೂಲಿ ಮೀಟಿಂಗ್ ವಾರಕ್ಕೆ ಎರಡು ಸಲ, ಕ್ಯಾಲಿಫೋರ್ನಿಯಾದ ಬೆಳಗ್ಗೆ 9ಕ್ಕೆ. ಅಲ್ಲಿನ ಮ್ಯಾನೇಜರ್ ತಮ್ಮ ಊರಿನ ಸಮಯದಲ್ಲಿ ಅದನ್ನು ಕ್ಯಾಲೆಂಡರ್‌ನಲ್ಲಿ ಹಾಕಿದ್ದರು. ಅವರಿಗೆ ವರ್ಷಪೂರ್ತಿ 9. ನಮಗೆ ಬೇಸಿಗೆಯಲ್ಲಿ ರಾತ್ರಿ 9:30, ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ರಾತ್ರಿ 10:30. ಮೀಟಿಂಗ್ ಯಾವ ಊರಿನ ಗಡಿಯಾರಕ್ಕೆ ಕಟ್ಟಿದೆಯೋ ಆ ಊರಿನವರಿಗೆ ಬದಲಾವಣೆ ಗೊತ್ತೇ ಆಗುವುದಿಲ್ಲ. ಏರುಪೇರೆಲ್ಲಾ ಉಳಿದವರ ಪಾಲಿಗೆ. ಮ್ಯಾನೇಜರ್‌ಗೆ ಇದನ್ನು ಹೇಳಿದಾಗ ಅವರು ನಿಜವಾಗಿಯೂ ಬೇಜಾರು ಮಾಡಿಕೊಂಡರು. ಅವರ ಕ್ಯಾಲೆಂಡರ್‌ನಲ್ಲಿ ಅದು ಯಾವತ್ತೂ ಜಾಗ ಬಿಟ್ಟು ಕದಲಿರಲಿಲ್ಲ.

ಏಪ್ರಿಲ್‌ನಲ್ಲಿ ತಂಡಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ ಒಬ್ಬರು ಸೇರಿದರು. ನಮ್ಮ ರಾತ್ರಿ 9:30 ಅಂದರೆ ಅವರಿಗೆ ಮರುದಿನ ಬೆಳಗಿನ ಜಾವ 4 ಗಂಟೆ! ಈಗಂತೂ ಸಮಯ ಬದಲಾಯಿಸದೆ ದಾರಿಯೇ ಇರಲಿಲ್ಲ. ಬದಲಾಯಿಸುವುದೇ ಆದರೆ ಸರಿಯಾಗಿ ಮಾಡೋಣ ಅಂತ ನಾನೇ ಆ ಕೆಲಸ ವಹಿಸಿಕೊಂಡೆ.

ಮೊದಲು ಒಂದು ಹಾಳೆಯ ಮೇಲೆ ಮೂರು ಊರಿನ ಗಂಟೆಗಳನ್ನು ಒಂದರ ಕೆಳಗೆ ಒಂದು ಬರೆದೆ. ಮೂವರಿಗೂ ಬೆಳಗ್ಗೆ 9ರಿಂದ ಸಂಜೆ 6ರ ಒಳಗೆ ಬರುವ ಸಮಯ ಹುಡುಕಿದೆ. ಒಂದೂ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಕ್ಯಾಲಿಫೋರ್ನಿಯಾ ಮತ್ತು ನಾವು ಹೆಚ್ಚುಕಡಿಮೆ ಭೂಮಿಯ ಎದುರುಬದುರು ಮಗ್ಗುಲಲ್ಲಿದ್ದೇವೆ. ಒಬ್ಬರಿಗೆ ಹಗಲಾದರೆ ಇನ್ನೊಬ್ಬರಿಗೆ ರಾತ್ರಿ. ಹಾಗಾಗಿ ಎಲ್ಲರಿಗೂ ಅನುಕೂಲವಾದ ಸಮಯ ಯಾವುದು ಅನ್ನುವ ಪ್ರಶ್ನೆಯನ್ನು ಬಿಟ್ಟು, ತೊಂದರೆಯನ್ನು ಹೇಗೆ ಹಂಚಿಕೊಳ್ಳೋಣ ಅನ್ನುವ ಪ್ರಶ್ನೆ ಹಿಡಿದುಕೊಂಡೆವು.

ಹಂಚಬೇಕಾದರೆ ಅಳೆಯಬೇಕು. ಅದಕ್ಕೆ ಅಂಕ ಇಟ್ಟೆವು. ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಸೊನ್ನೆ. ಬೆಳಗ್ಗೆ 7ರಿಂದ 9, ಸಂಜೆ 6ರಿಂದ ರಾತ್ರಿ 9 ಆದರೆ ಒಂದು. ಬೆಳಗ್ಗೆ 6ರಿಂದ 7, ರಾತ್ರಿ 9ರಿಂದ 10 ಆದರೆ ಎರಡು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಯಾರಿಗೂ ಬೇಡ. ಈ ಲೆಕ್ಕದಲ್ಲಿ ನಮ್ಮ ಹಳೇ ಪದ್ಧತಿ ಬೇಸಿಗೆಯಲ್ಲೂ ಎರಡು ವಾರಕ್ಕೆ ನಮಗೆ ಎಂಟು ಅಂಕ, ಕ್ಯಾಲಿಫೋರ್ನಿಯಾಕ್ಕೆ ಸೊನ್ನೆ. ಚಳಿಗಾಲದ 10:30 ಅಂತೂ ಲೆಕ್ಕದ ಹೊರಗೆ.

ಎರಡು ಮೀಟಿಂಗ್‌ನಲ್ಲಿ ಒಂದು ಬರೀ ಯಾರು ಏನು ಮಾಡಿದರು ಅಂತ ಹೇಳುವುದಕ್ಕೆ ಇದ್ದದ್ದು. ಅದನ್ನು ತೆಗೆದು, ಬರೆದು ಹಾಕುವುದು ಅಂತ ಮಾಡಿದೆವು. ಉಳಿದ ಒಂದನ್ನು ಅರ್ಧ ಗಂಟೆಗೆ ಇಳಿಸಿ, ಎರಡು ಸಮಯಗಳ ನಡುವೆ ವಾರ ಬಿಟ್ಟು ವಾರ ತಿರುಗಿಸಿದೆವು.

ಮೊದಲ ವಾರ ನಮಗೆ ಬುಧವಾರ ಬೆಳಗ್ಗೆ 6:30. ಆಗ ಕ್ಯಾಲಿಫೋರ್ನಿಯಾದಲ್ಲಿ ಮಂಗಳವಾರ ಸಂಜೆ 6, ಆಕ್ಲೆಂಡ್‌ನಲ್ಲಿ ಬುಧವಾರ ಮಧ್ಯಾಹ್ನ 1. ನಮಗೆ ಎರಡು ಅಂಕ, ಅವರಿಗೆ ಒಂದು. ಎರಡನೇ ವಾರ ನಮಗೆ ಬುಧವಾರ ಬೆಳಗ್ಗೆ 9. ಕ್ಯಾಲಿಫೋರ್ನಿಯಾದಲ್ಲಿ ಮಂಗಳವಾರ ರಾತ್ರಿ 8:30, ಆಕ್ಲೆಂಡ್‌ನಲ್ಲಿ ಬುಧವಾರ ಮಧ್ಯಾಹ್ನ 3:30. ನಮಗೆ ಸೊನ್ನೆ, ಅವರಿಗೆ ಒಂದು. ಎರಡು ವಾರಕ್ಕೆ ಕೂಡಿದರೆ ಇಬ್ಬರಿಗೂ ಎರಡೆರಡು.

ಆಕ್ಲೆಂಡ್‌ಗೆ ಮಾತ್ರ ಯಾವಾಗಲೂ ಸೊನ್ನೆ. ಅವರಿಗೂ ಕಷ್ಟ ಕೊಡೋಣ ಅಂತ ಹುಡುಕಿದೆ, ಸಿಗಲಿಲ್ಲ. ಅವರಿಗೆ ಬೆಳಗ್ಗೆ 6 ಅಂತ ಇಟ್ಟರೆ ನಮಗೆ ಹಿಂದಿನ ರಾತ್ರಿ 11:30 ಆಗುತ್ತದೆ. ಅವರ ಊರು ಇರುವ ಜಾಗವೇ ಹಾಗೆ. ಕೊನೆಗೆ ಅವರೇ ಒಂದು ಮಾತು ಹೇಳಿದರು. ಅವರ ಬೆಳಗ್ಗೆ 8ರಿಂದ ಸಂಜೆ 5 ಅಂದರೆ ನಮ್ಮ ಬೆಳಗಿನ ಜಾವ 1:30ರಿಂದ 10:30. ಆ ಹೊತ್ತಿನಲ್ಲಿ ಸರ್ವರ್ ಕೈಕೊಟ್ಟರೆ ಮೊದಲ ಫೋನ್ ನಮಗೆ ಬರುವ ಬದಲು ಅವರಿಗೆ ಹೋಗಲಿ, ಮೀಟಿಂಗ್ ಟಿಪ್ಪಣಿಯೂ ಅವರೇ ಬರೆಯುತ್ತಾರೆ. ಮೀಟಿಂಗ್‌ನಲ್ಲಿ ಕೊಡಲು ಆಗದ ಪಾಲನ್ನು ಅವರು ಬೇರೆ ಕಡೆ ಕೊಟ್ಟರು. ನಿಜ ಹೇಳಬೇಕಂದರೆ ನಮಗೆ ಅದೇ ಹೆಚ್ಚು ಲಾಭ.

ಬುಧವಾರವೇ ಯಾಕೆ ಅಂತ ನೀವು ಕೇಳಬಹುದು. ವಾರದ ಮೊದಲೇ ಇರಲಿ ಅಂತ ಸೋಮವಾರ ಇಡಲು ಹೋಗಿದ್ದೆ. ನಮ್ಮ ಸೋಮವಾರ ಬೆಳಗ್ಗೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಭಾನುವಾರ ಸಂಜೆ. ಅವರ ಶುಕ್ರವಾರ ಸಂಜೆ ಇಟ್ಟರೆ ನಮಗೆ ಶನಿವಾರ ಬೆಳಗ್ಗೆ. ನಮ್ಮ ಬೆಳಗ್ಗೆಗೆ ಮೀಟಿಂಗ್ ಇಡುವುದಾದರೆ ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕೇ ದಿನ ಉಳಿಯುವುದು.

ಪೆಸಿಫಿಕ್ ಸಾಗರದಲ್ಲಿರುವ ಸಮೋವಾ ದೇಶದವರು ಇದೇ ಕಷ್ಟಕ್ಕೆ ತಮ್ಮ ಕ್ಯಾಲೆಂಡರನ್ನೇ ಬದಲಾಯಿಸಿಕೊಂಡರು. ಅವರ ವ್ಯಾಪಾರವೆಲ್ಲಾ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಜೊತೆ. ಆದರೆ ದಿನರೇಖೆಯ ಆ ಕಡೆ ಇದ್ದುದರಿಂದ ಅವರ ಶುಕ್ರವಾರ ಆಕ್ಲೆಂಡ್‌ನಲ್ಲಿ ಶನಿವಾರ, ಅವರ ಭಾನುವಾರ ಅಲ್ಲಿ ಸೋಮವಾರ. ಕೊನೆಗೆ 2011ರ ಡಿಸೆಂಬರ್ 30ರ ಶುಕ್ರವಾರವನ್ನೇ ಬಿಟ್ಟುಬಿಟ್ಟರು. ಗುರುವಾರ ರಾತ್ರಿ ಮಲಗಿದವರು ಎದ್ದದ್ದು ಶನಿವಾರ. ಒಂದು ದೇಶಕ್ಕೆ ಅದು ಸಾಧ್ಯ. ಮದ್ದೂರಿನಲ್ಲಿ ಕೂತ ನಾನು ಬುಧವಾರ ಆರಿಸಿಕೊಳ್ಳಬಹುದು ಅಷ್ಟೆ.

ತಾರೀಖಿನ ಇನ್ನೊಂದು ಪಾಠ ಆ ವರ್ಷದ ದಸರಾದಲ್ಲಿ ಸಿಕ್ಕಿತು. ಕ್ಯಾಲಿಫೋರ್ನಿಯಾದ ಮ್ಯಾನೇಜರ್ ಮೀಟಿಂಗ್‌ಗೆ ಮುಂಚೆ ನಮ್ಮ ರಜೆಗಳ ಪಟ್ಟಿ ನೋಡುವ ಅಭ್ಯಾಸ ಮಾಡಿಕೊಂಡಿದ್ದರು. ಅವರ ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಸೆಪ್ಟೆಂಬರ್ 30, ಮಂಗಳವಾರ. ಪಟ್ಟಿಯಲ್ಲಿ ಸೆಪ್ಟೆಂಬರ್ 30ಕ್ಕೆ ನಮಗೆ ರಜೆ ಇಲ್ಲ. ಸರಿ ಅಂದುಕೊಂಡರು. ಆದರೆ ಆ ಮೀಟಿಂಗ್ ನಮಗೆ ಬರುವುದು ಅಕ್ಟೋಬರ್ 1, ಬುಧವಾರ. ಅವತ್ತು ಆಯುಧಪೂಜೆ! ಆಹ್ವಾನದೊಳಗೆ ಮೂರು ಸಾಲು ಬರೆಯುವ ನಿಯಮ ಇದ್ದದ್ದರಿಂದ ಹಿಂದಿನ ವಾರವೇ ನನ್ನ ಕಣ್ಣಿಗೆ ಬಿತ್ತು.

```
Wed 01 Oct 2025 06:30  Asia/Kolkata
Tue 30 Sep 2025 18:00  America/Los_Angeles
Wed 01 Oct 2025 14:00  Pacific/Auckland
```

ಕೊನೆಯಲ್ಲಿ ಊರಿನ ಹೆಸರು ಇರುವುದನ್ನು ಗಮನಿಸಿ. `IST` ಅಂತ ಬರೆದರೆ ಐರ್ಲೆಂಡ್ ಮತ್ತು ಇಸ್ರೇಲ್‌ನವರ ಸಮಯಕ್ಕೂ ಅದೇ ಮೂರಕ್ಷರ. ಕ್ಯಾಲಿಫೋರ್ನಿಯಾದವರು ಬೇಸಿಗೆಯಲ್ಲೂ ಅಭ್ಯಾಸಬಲದಿಂದ `PST` ಅಂತ ಬರೆಯುತ್ತಾರೆ, ಅದನ್ನು ಅಕ್ಷರಶಃ ನಂಬಿದರೆ ಒಂದು ಗಂಟೆ ತಪ್ಪು. ಊರಿನ ಹೆಸರು ಹಾಕಿದರೆ ಆ ತಾರೀಖಿಗೆ ಅಲ್ಲಿ ಯಾವ ಗಡಿಯಾರ ಅಂತ ಕ್ಯಾಲೆಂಡರೇ ನೋಡಿಕೊಳ್ಳುತ್ತದೆ. ಮೂರನೇ ಸಾಲಿನಲ್ಲಿ ಮಧ್ಯಾಹ್ನ 1 ಇದ್ದದ್ದು 2 ಆಗಿದೆ, ನೋಡಿದಿರಾ? ನ್ಯೂಜಿಲೆಂಡಿನವರು ಸೆಪ್ಟೆಂಬರ್ 28ರ ಭಾನುವಾರ ಗಡಿಯಾರ ಮುಂದಕ್ಕೆ ತಿರುಗಿಸಿದ್ದರು. ನಮಗೆ ಚಳಿ ಶುರುವಾಗುವಾಗ ಅವರಿಗೆ ಬೇಸಿಗೆ. ಆ ವಾರದ ಮೀಟಿಂಗ್ ಬಿಟ್ಟೆವು. ಅಮ್ಮ ಲ್ಯಾಪ್‌ಟಾಪ್‌ಗೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, "ಇವತ್ತಾದ್ರೂ ಇದು ಸುಮ್ನಿರ್ಲಿ" ಅಂದರು.

ನವೆಂಬರ್ 2ಕ್ಕೆ ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ಹೋಯಿತು. ನಮ್ಮ ಸಮಯ ಹಾಗೇ ಇಟ್ಟರೆ ಕ್ಯಾಲಿಫೋರ್ನಿಯಾಕ್ಕೆ ಒಂದು ಗಂಟೆ ಲಾಭ, ಅವರ ಸಮಯ ಹಾಗೇ ಇಟ್ಟರೆ ನಮಗೆ ಲಾಭ. ನಾವು ಬೆಳಗಿನ ಮೀಟಿಂಗ್‌ನಲ್ಲಿ ಅದನ್ನು ಅರ್ಧರ್ಧ ಹಂಚಿಕೊಂಡೆವು. ನಮಗೆ 6:30 ಇದ್ದದ್ದು 7 ಆಯಿತು, ಅವರಿಗೆ 6 ಇದ್ದದ್ದು 5:30 ಆಯಿತು. ಇನ್ನೊಂದು ವಾರದ 9 ಗಂಟೆ ಹಾಗೇ ಉಳಿಯಿತು, ಅದು ಅವರಿಗೆ ರಾತ್ರಿ 7:30. ಚಳಿಗಾಲಕ್ಕೆ ಇಬ್ಬರಿಗೂ ಒಂದೊಂದೇ ಅಂಕ. ಮಾರ್ಚ್, ಏಪ್ರಿಲ್, ಸೆಪ್ಟೆಂಬರ್, ನವೆಂಬರ್, ವರ್ಷಕ್ಕೆ ಈ ನಾಲ್ಕು ಸಲ ಯಾರಾದರೂ ಕೂತು ಲೆಕ್ಕ ನೋಡಲೇಬೇಕು. ಒಂದು ಸಲ ಇಟ್ಟು ಮರೆತುಬಿಡುವ ವ್ಯವಸ್ಥೆ ಇದಲ್ಲ.

ಅಂಕಕ್ಕೂ ಒಂದು ಮಿತಿ ಇದೆ. ಅದು ಗಡಿಯಾರವನ್ನು ಅಳೆಯುತ್ತದೆ, ಮನೆಯನ್ನಲ್ಲ. ಮಳವಳ್ಳಿಯವರಿಗೆ ಬೆಳಗ್ಗೆ 6:30 ಕಷ್ಟವೇ ಅಲ್ಲ. ಮಗು ಮಲಗಿರುತ್ತದೆ, ಅತ್ತೆ ಎದ್ದಿರುತ್ತಾರೆ. ಅವರ ಪ್ರಾಣ ಹಿಂಡುತ್ತಿದ್ದದ್ದು ಮಗುವನ್ನು ಮಲಗಿಸುವ ರಾತ್ರಿ 9:30. ಮಂಡ್ಯದ ಹುಡುಗನದು ಸರಿಯಾಗಿ ಉಲ್ಟಾ. ರಾತ್ರಿ ಎಷ್ಟು ಹೊತ್ತಾದರೂ ಕೂರುತ್ತಾನೆ. ಬೆಳಗ್ಗೆ ಆರೂವರೆಗೆ ಎಮ್ಮೆ ಹಾಲು ಕರೆದು ಡೇರಿಗೆ ಹಾಕುವುದು ಅವನ ಕೆಲಸ. ಡೇರಿಯವರು ಕ್ಯಾಲಿಫೋರ್ನಿಯಾಕ್ಕೋಸ್ಕರ ಕಾಯುವುದಿಲ್ಲ.

ಅಂಕ ಲೆಕ್ಕ ಹಾಕಿದಾಗ ನಾನು ಅವನನ್ನು ಕೇಳಿರಲೇ ಇಲ್ಲ. ಭಾರತಕ್ಕೆ ಎರಡು ಅಂತ ಬರೆದು ಮುಗಿಸಿದ್ದೆ. ಎರಡು ತಿಂಗಳಾದ ಮೇಲೆ ಒಂದು ಬುಧವಾರ, ಮೀಟಿಂಗ್ ನಡುವೆ ಅವನ ಹಿಂದೆ ಕ್ಯಾನಿನ ಸದ್ದು ಕೇಳಿ ಗೊತ್ತಾಯಿತು. "ಪರ್ವಾಗಿಲ್ಲ ಬುಡಣ್ಣ, ಆ ಬುಧವಾರ ನಮ್ಮಪ್ಪ ಹೋಯ್ತಾರೆ" ಅಂದ. ಅವನ ಅಪ್ಪನಿಗೆ ಮಂಡಿನೋವು, ಕ್ಯಾನ್ ಎತ್ತುವುದು ಕಷ್ಟ. ಮಳವಳ್ಳಿಯಲ್ಲಿ ಅತ್ತೆ, ಮಂಡ್ಯದಲ್ಲಿ ಅಪ್ಪ. ಇವರು ಯಾರೂ ನಮ್ಮ ಕಂಪನಿಯವರಲ್ಲ, ನನ್ನ ಹಾಳೆಯಲ್ಲಿ ಇವರಿಗೆ ಸಾಲೇ ಇರಲಿಲ್ಲ.

ಈಗ ಪ್ರತಿ ಸಲ ಸಮಯ ಬದಲಾಯಿಸುವ ಮುಂಚೆ ದೇಶಕ್ಕೆ ಒಂದು ಅಂಕ ಅಂತ ಹಾಕುವುದಿಲ್ಲ. ಪ್ರತಿಯೊಬ್ಬರೂ ಕಾರಣ ಹೇಳದೆಯೇ ದಿನದ ಒಂದು ಗಂಟೆಯನ್ನು 'ಇದು ನನ್ನಿಂದ ಆಗಲ್ಲ' ಅಂತ ಗುರುತು ಹಾಕಬಹುದು. ಆ ಗಂಟೆ ಬಿಟ್ಟೇ ಲೆಕ್ಕ. ಮಂಡ್ಯದ ಹುಡುಗ 6ರಿಂದ 7 ಅಂತ ಬರೆದ. ಅದಕ್ಕೇ ಈಗ ಬೇಸಿಗೆಯಲ್ಲೂ ನಮ್ಮ ಮೀಟಿಂಗ್ ಬೆಳಗ್ಗೆ 7ಕ್ಕೆ. ಕ್ಯಾಲಿಫೋರ್ನಿಯಾದವರಿಗೆ ಅದು ಸಂಜೆ 6:30. ಲೆಕ್ಕದಲ್ಲಿ ಅವರಿಗೆ ಎರಡು ವಾರಕ್ಕೆ ಒಂದು ಅಂಕ ಹೆಚ್ಚು ಬಿತ್ತು. ಕಾರಣ ಕೇಳದೆ ಒಪ್ಪಿಕೊಂಡರು.

ಮಳವಳ್ಳಿಯವರು ಪೇಪರ್ ಹಾಕಲಿಲ್ಲ. ಅವರ ಮಗು ಈಗ ನಡೆಯುತ್ತದೆ, ಕೆಲವು ಬುಧವಾರ ಬೇಗ ಎದ್ದು ಬಂದು ಕ್ಯಾಮೆರಾ ಮುಂದೆ ನಿಲ್ಲುತ್ತದೆ. ಆ ಕಡೆಯವರು ಮಂಗಳವಾರದ ಸಂಜೆಯಿಂದ ಗುಡ್ ಮಾರ್ನಿಂಗ್ ಹೇಳುತ್ತಾರೆ.